ಬಜ್ಜಿ ಎಣ್ಣೆ ಕುಡಿಯುವುದು ಬಾಣಲೆಯಲ್ಲಲ್ಲ!

ಹಾವೇರಿಯಲ್ಲಿ ಸಂಜೆ ಐದು ದಾಟಿದರೆ ಮಿರ್ಚಿ ಗಾಡಿಯ ಮುಂದೆ ಜನ ನಿಲ್ಲಲು ಶುರು ಮಾಡುತ್ತಾರೆ. ನಾನೂ ಎಷ್ಟೋ ಸಲ ನಿಂತಿದ್ದೇನೆ. ಹಸಿ ಮೆಣಸಿನಕಾಯಿಯ ಹೊಟ್ಟೆ ಸೀಳಿ, ಕಡಲೆಹಿಟ್ಟಿನಲ್ಲಿ ಮುಳುಗಿಸಿ, ಕಾದ ಎಣ್ಣೆಗೆ ಬಿಟ್ಟ ಕೂಡಲೇ ಸುತ್ತಲೂ ಬುಳುಬುಳು ಗುಳ್ಳೆ ಏಳುತ್ತವೆ. ಇಷ್ಟು ವರ್ಷ ಆ ಗುಳ್ಳೆಗಳನ್ನು ನೋಡಿ ಎಣ್ಣೆ ಕುದಿಯುತ್ತಿದೆ ಎಂದೇ ತಿಳಿದಿದ್ದೆ. ಅದು ಎಣ್ಣೆಯ ಕುದಿತವೇ ಅಲ್ಲ! ಅದು ನೀರು. ಹಿಟ್ಟಿನೊಳಗಿನ, ಮೆಣಸಿನಕಾಯಿಯೊಳಗಿನ ನೀರು ಹಬೆಯಾಗಿ ಹೊರಗೆ ನುಗ್ಗುತ್ತಿದೆ. ನೀರು ಹಬೆಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಅಷ್ಟು ರಭಸದಿಂದ ಒಳಗಿಂದ ಹೊರಗೆ ಬರುವ ಹಬೆಯನ್ನು ತಳ್ಳಿಕೊಂಡು ಎಣ್ಣೆ ಒಳಗೆ ಹೋಗುವುದಾದರೂ ಹೇಗೆ?

ಹೋಗುವುದಿಲ್ಲ. ನನ್ನನ್ನು ಬೆರಗುಗೊಳಿಸಿದ ಸಂಗತಿ ಇದೇ. ಗುಳ್ಳೆ ಏಳುತ್ತಿರುವಷ್ಟು ಹೊತ್ತು ಬಜ್ಜಿ ಎಣ್ಣೆಯನ್ನು ಹೊರಗೇ ತಡೆದು ನಿಲ್ಲಿಸಿರುತ್ತದೆ. ಅದು ಎಣ್ಣೆ ಕುಡಿಯುವುದು ಬಹುಪಾಲು ಆಮೇಲೆ, ಜಾಲರಿ ಸೌಟು ಅದನ್ನು ಮೇಲೆತ್ತಿದ ನಂತರದ ಒಂದೆರಡು ನಿಮಿಷಗಳಲ್ಲಿ! ಬಜ್ಜಿ ಹೊರಗೆ ಬಂದು ತಣಿಯತೊಡಗಿದಂತೆ ಒಳಗಿನ ಹಬೆ ಮತ್ತೆ ನೀರಾಗಿ ಕುಗ್ಗುತ್ತದೆ. ಹಬೆ ತೆರೆದಿಟ್ಟ ಸಣ್ಣ ಸಣ್ಣ ರಂಧ್ರಗಳಲ್ಲಿ ಒತ್ತಡ ಇಳಿಯುತ್ತದೆ. ಮೈಮೇಲೆ ಅಂಟಿಕೊಂಡ ಎಣ್ಣೆಯನ್ನು ಆ ರಂಧ್ರಗಳು ಸರ್ರನೆ ಒಳಗೆಳೆದುಕೊಳ್ಳುತ್ತವೆ. ಆಹಾರ ವಿಜ್ಞಾನಿಗಳು ಆಲೂಗಡ್ಡೆ ಚಿಪ್ಸ್ ಕರಿದು ಕಂಡುಕೊಂಡ ಈ ಸತ್ಯ ನಮ್ಮ ಮಿರ್ಚಿಗೂ ಸಲ್ಲುತ್ತದೆ.

ಇದು ತಿಳಿದ ಮೇಲೆ ಗಾಡಿಯವರ ಕೈಯನ್ನೇ ನೋಡುತ್ತ ನಿಂತೆ. ಬಜ್ಜಿ ಎತ್ತಿದ ಕೂಡಲೇ ಬಾಣಲೆಯ ಅಂಚಿಗೆ ಸೌಟನ್ನು ಎರಡು ಸಲ ಕುಟ್ಟಿ, ಆಮೇಲೆ ಬುಟ್ಟಿಗೆ ಸುರಿಯುತ್ತಾರೆ. ಆ ಎರಡು ಕುಟ್ಟುಗಳಿಗೆ ಎಷ್ಟು ಅರ್ಥ! ಬಿಸಿ ಇರುವಾಗ ಎಣ್ಣೆ ತೆಳ್ಳಗಿರುತ್ತದೆ, ಹಬೆಯೂ ಇನ್ನೂ ಒಳಗಿಂದ ತಳ್ಳುತ್ತಿರುತ್ತದೆ. ಆಗ ಕೊಡವಿದ ಎಣ್ಣೆ ಹೊಟ್ಟೆಗೆ ಬಾರದ ಎಣ್ಣೆ. ತಣಿದ ಮೇಲೆ ಕಾಗದದಲ್ಲಿ ಒತ್ತಿ ಒರೆಸಿದರೆ ಸಿಗುವುದು ಮೇಲೆ ಉಳಿದದ್ದು ಮಾತ್ರ. ಒಳಗೆ ಸೇರಿದ್ದು ಸೇರಿಹೋಯಿತು.

ಎಣ್ಣೆ ಸರಿಯಾಗಿ ಕಾಯದಿದ್ದರೆ ಏನಾಗುತ್ತದೆ ಎಂಬುದೂ ಇದರಿಂದಲೇ ತಿಳಿಯುತ್ತದೆ. 170–180 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿಟ್ಟಿನ ಹನಿ ಬಿಟ್ಟ ಕೂಡಲೇ ಮೇಲೆದ್ದು ಬರುತ್ತದೆ, ಬಜ್ಜಿಗೆ ಬೇಗ ಗಟ್ಟಿ ಮೈ ಬರುತ್ತದೆ. ಎಣ್ಣೆ ತಣ್ಣಗಿದ್ದರೆ ಹನಿ ತಳದಲ್ಲೇ ಕೂರುತ್ತದೆ, ಗುಳ್ಳೆ ಮಂದ, ಬೇಯಲು ಬಹಳ ಹೊತ್ತು, ಕೊನೆಗೆ ಬಜ್ಜಿ ಜಿಡ್ಡು ಜಿಡ್ಡು. ಸೋಡಾ ಹೆಚ್ಚಾದರೂ ಅಷ್ಟೇ. ರಂಧ್ರ ಹೆಚ್ಚಿದಷ್ಟೂ ಎಣ್ಣೆಗೆ ಜಾಗ ಹೆಚ್ಚು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯದು ಇನ್ನೊಂದು ಕತೆ. ಅದು ಮಂದವಾಗಿ ಬಜ್ಜಿಯ ಮೈಗೆ ಹೆಚ್ಚು ಅಂಟುತ್ತದೆ, ಹಾಗಾಗಿ ಒಳಗೂ ಹೆಚ್ಚು ಹೋಗುತ್ತದೆ. ಬಣ್ಣ ಕಪ್ಪಾಗಿ, ನೊರೆ ಇಳಿಯದೆ ನಿಂತು, ಬೇಗ ಹೊಗೆಯಾಡಿದರೆ ಆ ಎಣ್ಣೆಯ ಕಾಲ ಮುಗಿಯಿತು ಎಂದರ್ಥ. ಕೆಟ್ಟ ಎಣ್ಣೆಯಲ್ಲಿ ಸೇರಿಕೊಳ್ಳುವ ಧ್ರುವೀಯ ಸಂಯುಕ್ತಗಳು ಶೇಕಡಾ 25 ಮೀರಬಾರದೆಂದು ನಮ್ಮ ದೇಶದಲ್ಲಿ 2018ರ ಜುಲೈಯಿಂದ ನಿಯಮವೇ ಇದೆ.

ಹಾಗಾದರೆ ಒಳಗಿರುವ ಮೆಣಸಿನಕಾಯಿಯ ಗತಿ? ಅದರ ಸತ್ವವೆಲ್ಲ ಸುಟ್ಟುಹೋಗುತ್ತದೆಯೇ?

ಇಲ್ಲಿ ಇನ್ನೊಂದು ಬೆರಗು. ಎಣ್ಣೆ 180 ಡಿಗ್ರಿ ಇದ್ದರೂ, ನೀರು ಉಳಿದಿರುವ ತನಕ ಒಳಗಿನ ಕಾಯಿ ಸುಮಾರು ನೂರು ಡಿಗ್ರಿ ದಾಟುವುದಿಲ್ಲ. ಕಡಲೆಹಿಟ್ಟಿನ ಕವಚ ಹೊರಗೆ ಕರಿಯುತ್ತಿದ್ದರೆ ಒಳಗೆ ಮೆಣಸಿನಕಾಯಿ ತನ್ನದೇ ಹಬೆಯಲ್ಲಿ ಬೇಯುತ್ತಿರುತ್ತದೆ, ಕಡುಬಿನ ಪಾತ್ರೆಯಲ್ಲಿಟ್ಟಂತೆ! ಹಸಿ ಮೆಣಸಿನಕಾಯಿ ವಿಟಮಿನ್ ಸಿ ಭಂಡಾರ. ಹಂಗೇರಿಯ ಸೆಗೆಡ್ ಊರಿನಲ್ಲಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಈ ವಿಟಮಿನ್ನನ್ನು ರಾಶಿಗಟ್ಟಲೆ ತೆಗೆದದ್ದು ಪ್ಯಾಪ್ರಿಕಾದಿಂದ, ಅಂದರೆ ನಮ್ಮ ಬ್ಯಾಡಗಿ ಮೆಣಸಿನಕಾಯಿಯ ನಂಟಿನಿಂದಲೇ. 1937ರಲ್ಲಿ ಅವರಿಗೆ ನೊಬೆಲ್ ಬಂತು. ಈ ವಿಟಮಿನ್ನಿಗೆ ಮೂರು ವೈರಿಗಳು: ಬಹಳ ಹೊತ್ತಿನ ಕಾವು, ಗಾಳಿಯಲ್ಲಿರುವ ಆಮ್ಲಜನಕ, ಬೇಯಿಸಿ ಚೆಲ್ಲುವ ನೀರು. ಬಜ್ಜಿಯೊಳಗಿನ ಕಾಯಿಗೆ ಚೆಲ್ಲುವ ನೀರಿಲ್ಲ, ಗಾಳಿ ತಾಗುವುದು ಕಡಿಮೆ, ಕಾವು ನಾಲ್ಕೈದು ನಿಮಿಷ ಮಾತ್ರ. ವಿಟಮಿನ್ ಸಿ ಎಣ್ಣೆಯಲ್ಲಿ ಕರಗುವುದೂ ಇಲ್ಲ. ಹಾಗಾಗಿ ಕರಿದದ್ದರಲ್ಲಿ ಸತ್ವವೇ ಇಲ್ಲ ಎಂಬ ನಮ್ಮ ಗಟ್ಟಿ ನಂಬಿಕೆ ಇಲ್ಲಿ ಅಲುಗಾಡುತ್ತದೆ. ಕರಿಯುವುದರ ತೊಂದರೆ ಕಳೆದುಹೋಗುವ ವಿಟಮಿನ್ನಿಗಿಂತ ಸೇರಿಕೊಳ್ಳುವ ಎಣ್ಣೆಯದು!

ಆ ಎಣ್ಣೆಯನ್ನೇ ತಪ್ಪಿಸುತ್ತೇನೆಂದು ಬಂದದ್ದು ಏರ್ ಫ್ರೈಯರ್. ರಾಣೆಬೆನ್ನೂರಿನ ಚಿಗವ್ವನ ಮನೆಗೆ ಅದು ಬಂದ ದಿನ ನಾವು ಮೊದಲು ಮಾಡಹೊರಟಿದ್ದೇ ಮಿರ್ಚಿ. ಹಿಟ್ಟಿನಲ್ಲಿ ಅದ್ದಿದ ಕಾಯಿಗಳನ್ನು ಜಾಲಿಯ ಬುಟ್ಟಿಯಲ್ಲಿ ಸಾಲಾಗಿ ಇಟ್ಟು ಬಾಗಿಲು ಹಾಕಿದೆವು. ತೆಗೆದು ನೋಡಿದರೆ ಕಾಯಿ ಬೆತ್ತಲೆ! “ಹಿಟ್ಟೆಲ್ಲಾ ಕೆಳಗ ಇಳದೈತಿ ನೋಡು” ಎಂದು ಚಿಗವ್ವ ಬುಟ್ಟಿ ಎತ್ತಿ ತೋರಿಸಿದಳು. ತಟ್ಟೆಯ ತಳದಲ್ಲಿ ಕಡಲೆಹಿಟ್ಟಿನ ದೋಸೆ ಕಟ್ಟಿತ್ತು.

ಯಾಕೆ ಹೀಗೆ? ಬಾಣಲೆಯಲ್ಲಿ ಕಾದ ಎಣ್ಣೆ ಎಲ್ಲ ಕಡೆಯಿಂದ ಒಮ್ಮೆಲೇ ತಬ್ಬಿಕೊಂಡು, ಸೆಕೆಂಡುಗಳಲ್ಲಿ ಹಿಟ್ಟನ್ನು ಗಟ್ಟಿ ಮಾಡುತ್ತದೆ. ಏರ್ ಫ್ರೈಯರಿನಲ್ಲಿರುವುದು ಫ್ಯಾನು ಬೀಸುವ ಬಿಸಿ ಗಾಳಿ. ಅದೇ 180 ಡಿಗ್ರಿಯಲ್ಲೂ ಗಾಳಿ ಎಣ್ಣೆಯಷ್ಟು ಬೇಗ ಕಾವು ದಾಟಿಸಲಾರದು. ಗಾಳಿ ಹಿಟ್ಟನ್ನು ಹಿಡಿಯುವ ಮೊದಲೇ ಹಿಟ್ಟು ಜಾರಿ ಬೀಳುತ್ತದೆ.

ಎರಡನೆಯ ಸಲ ಚಿಗವ್ವ ದಾರಿ ಬದಲಿಸಿದಳು. ಕಾಯಿ ಸೀಳಿ ಬೀಜ ತೆಗೆದು, ಉಪ್ಪು, ಓಮ, ಹುಣಸೆ ತುಂಬಿದಳು. ಹಿಟ್ಟನ್ನು ಬೆರಳಿಗೆ ಮೆತ್ತುವಷ್ಟು ಗಟ್ಟಿಯಾಗಿ ಕಲಸಿ ತೆಳ್ಳಗೆ ಬಳಿದು, ಮೇಲೆ ಒಣ ಹಿಟ್ಟು ಉದುರಿಸಿ, ಬ್ರಶ್ಶಿನಿಂದ ಎಲ್ಲ ಕಡೆ ಎಣ್ಣೆ ಸವರಿದಳು. ಮೊದಲೇ ಕಾಯಿಸಿಟ್ಟ ಬುಟ್ಟಿ, ಒಂದಕ್ಕೊಂದು ತಾಗದಂತೆ ಸಾಲು, 180 ಡಿಗ್ರಿ, ಸುಮಾರು ಹದಿನೈದು ನಿಮಿಷ, ನಡುವೆ ಒಮ್ಮೆ ಮಗುಚುವುದು. ಈ ಸಲ ಗರಿಗರಿ! ಎಣ್ಣೆ ತಾಗದ ಕಡೆ ಮಾತ್ರ ಬಿಳಿ ಪುಡಿ ಹಾಗೇ ಉಳಿದು ಹಸಿ ಹಿಟ್ಟಿನ ರುಚಿ ಕೊಟ್ಟಿತು. ಎಣ್ಣೆ ಸಾಲಲಿಲ್ಲ ಎಂಬುದಕ್ಕೆ ಆ ಬಿಳಿ ಮಚ್ಚೆಯೇ ಸಾಕ್ಷಿ. ಗಾಡಿಯ ಮಿರ್ಚಿಯ ಉಬ್ಬು ಅದಕ್ಕೆ ಬರುವುದಿಲ್ಲ. ಇದು ಬೇರೆಯೇ ತಿನಿಸು, ಆದರೆ ರುಚಿಯಾದ ತಿನಿಸು.

ಎಣ್ಣೆಯ ಲೆಕ್ಕವನ್ನು ಯಾರ ಮನೆಯಲ್ಲೂ ಹಾಕಬಹುದು. ಕರಿಯುವ ಮೊದಲು ಎಣ್ಣೆಯನ್ನು ತೂಗಿ. ಕರಿದಾದ ಮೇಲೆ ಪೂರ್ತಿ ಆರಲು ಬಿಟ್ಟು, ಸೋಸಿ, ಮತ್ತೆ ತೂಗಿ. ಉದಾಹರಣೆಗೆ ಹತ್ತು ಮಿರ್ಚಿ ಕರಿದಾಗ 800 ಗ್ರಾಂ ಎಣ್ಣೆ 720ಕ್ಕೆ ಇಳಿಯಿತು ಎಂದುಕೊಳ್ಳೋಣ. ಸೌಟು, ಬುಟ್ಟಿಗೆ ಅಂಟಿದ್ದನ್ನು ಬದಿಗಿಟ್ಟರೆ ಒಂದಕ್ಕೆ 8 ಗ್ರಾಂ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿಯಂತೆ, ಒಂದು ಮಿರ್ಚಿಯಲ್ಲಿ ಎಣ್ಣೆಯಿಂದಲೇ 72 ಕ್ಯಾಲೊರಿ. ಅದೇ ಹತ್ತು ಮಿರ್ಚಿಗೆ ಎರಡು ಟೀ ಚಮಚ, ಅಂದರೆ ಹತ್ತು ಗ್ರಾಂನಷ್ಟು ಸವರಿದರೆ ಒಂದಕ್ಕೆ ಒಂದೇ ಗ್ರಾಂ, 9 ಕ್ಯಾಲೊರಿ! ಮೇಲಾಗಿ, ಮತ್ತೆ ಕಾಯಿಸಬೇಕಾದ 720 ಗ್ರಾಂ ಹಳೆ ಎಣ್ಣೆ ಅಡುಗೆಮನೆಯಲ್ಲಿ ಉಳಿಯುವುದೇ ಇಲ್ಲ.

ಆದರೆ ವಿಟಮಿನ್ ಸಿ ಲೆಕ್ಕದಲ್ಲಿ ಏರ್ ಫ್ರೈಯರ್ ಅಷ್ಟು ಸುಲಭವಾಗಿ ಗೆಲ್ಲುವುದಿಲ್ಲ. ನಾಲ್ಕೈದು ನಿಮಿಷದ ಕೆಲಸಕ್ಕೆ ಅದು ಹದಿನೈದು ನಿಮಿಷ ತೆಗೆದುಕೊಳ್ಳುತ್ತದೆ, ಅದೂ ಬೀಸುವ ಗಾಳಿಯಲ್ಲಿ. ಎಣ್ಣೆ ಉಳಿಸುವ ಯಂತ್ರವೇ ವಿಟಮಿನ್ನನ್ನೂ ಉಳಿಸುತ್ತದೆ ಎಂದುಕೊಂಡಿದ್ದೆ. ಇವು ಎರಡು ಬೇರೆ ಬೇರೆ ಪ್ರಶ್ನೆಗಳು!

ವಿಟಮಿನ್ ಸಿ ಪ್ರಶ್ನೆಗೆ ಚೆಂದದ ಉತ್ತರ ಅದೇ ಅಡುಗೆಮನೆಯ ಮೂಲೆಯಲ್ಲಿತ್ತು. ಚಿಗವ್ವ ಹಾಲು ಬಿಸಿ ಮಾಡಲಷ್ಟೇ ಬಳಸುತ್ತಿದ್ದ ಮೈಕ್ರೋವೇವ್ ಓವನ್. ಅದರ ಅಲೆಗಳು ಕಾಯಿಯೊಳಗಿನ ನೀರಿನ ಕಣಗಳನ್ನೇ ಅಲುಗಾಡಿಸಿ ಕಾವು ಹುಟ್ಟಿಸುತ್ತವೆ. ಕತ್ತರಿಸಿದ ಕಾಯಿಗೆ ಒಂದು ಚಮಚ ನೀರು ಚಿಮುಕಿಸಿ, ಸಡಿಲವಾಗಿ ಮುಚ್ಚಿಟ್ಟರೆ ಎರಡು ನಿಮಿಷದಲ್ಲಿ ಮೆತ್ತಗಾಗುತ್ತದೆ. ಹೊತ್ತು ಕಡಿಮೆ, ಚೆಲ್ಲುವ ನೀರಿಲ್ಲ, ಎಣ್ಣೆ ಇಲ್ಲವೇ ಇಲ್ಲ. ಇಡೀ ಕಾಯಿಯನ್ನು ಸೀಳದೆ ಇಟ್ಟರೆ ಮಾತ್ರ ಒಳಗಿನ ಹಬೆಗೆ ದಾರಿಯಿಲ್ಲದೆ ಸಿಡಿಯುತ್ತದೆ. ಕೆಂಬಣ್ಣದ ಗರಿಗರಿ ಮೈ ಇಲ್ಲಿ ಬರುವುದಿಲ್ಲ, ಏಕೆಂದರೆ ಹೊರಗಿನ ಗಾಳಿ ತಣ್ಣಗೇ ಇರುತ್ತದೆ. ಆದರೆ ಉದ್ದಿನ ಹಪ್ಪಳ ಇಟ್ಟು ನೋಡಿ! ಅದರಲ್ಲಿ ಉಳಿದ ಚೂರು ತೇವವೇ ಹಬೆಯಾಗಿ, ಒಂದು ನಿಮಿಷದೊಳಗೆ ಕಣ್ಣೆದುರೇ ಹಪ್ಪಳ ಅರಳುತ್ತದೆ. ಅಲೆಗಳು ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲವಾದ್ದರಿಂದ ಅರಳದ ಮಸುಕು ಮಚ್ಚೆ ಕಂಡರೆ ತಿರುಗಿಸಿ ಇನ್ನು ಕೆಲವು ಸೆಕೆಂಡು ಸಾಕು.

ಇಷ್ಟೆಲ್ಲ ಕಂಡ ಮೇಲೆ ಎಣ್ಣೆಯನ್ನೇ ಬಿಟ್ಟುಬಿಡಬೇಕೆನ್ನಿಸಿತ್ತು. ಬ್ಯಾಡಗಿ ಆ ಯೋಚನೆಯನ್ನು ತಿರುಗಿಸಿತು.

ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಹೋದರೆ ನೆಲವೆಲ್ಲ ಕೆಂಪು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಸುಕ್ಕು ಮೈಯ ಡಬ್ಬಿ, ಕಡ್ಡಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಬಿಸಿಲಲ್ಲಿ ಒಣಗುವಾಗಲೇ ಅದರ ವಿಟಮಿನ್ ಸಿ ಬಹುಪಾಲು ಹೋಗಿರುತ್ತದೆ. ಉಳಿಯುವುದು ಕೆಂಪು. ಆ ಕೆಂಪಿನ ಮುಖ್ಯ ವಸ್ತು ಕ್ಯಾಪ್ಸಾಂಥಿನ್. ಅದರ ಜೊತೆಗಿರುವ ಬೀಟಾ ಕ್ಯಾರೋಟಿನ್ ನಮ್ಮ ದೇಹದಲ್ಲಿ ವಿಟಮಿನ್ ಎ ಆಗುತ್ತದೆ. ಇವೆರಡೂ ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಸೋಲುತ್ತವೆ! ನೀರಿಗೆ ಹಾಕಿದ ಮೆಣಸಿನ ಪುಡಿ ತೇಲುತ್ತಲೇ ಇರುತ್ತದೆ, ಒಗ್ಗರಣೆಯ ಎಣ್ಣೆಗೆ ಬಿದ್ದರೆ ಕ್ಷಣದಲ್ಲಿ ಎಣ್ಣೆಯೇ ಕೆಂಪಾಗುತ್ತದೆ.

ಹಾಗಾದರೆ ಈ ಒಣಮೆಣಸಿನಕಾಯಿಯನ್ನು ಬಾಣಲೆ ತುಂಬ ಎಣ್ಣೆಯಲ್ಲಿ ಕರಿದರೆ ಕೆಂಪೆಲ್ಲ ಇಳಿಯುವುದು ಬಾಣಲೆಗೆ, ನಮ್ಮ ತಟ್ಟೆಗಲ್ಲ. 180 ಡಿಗ್ರಿಯ ಕಾವಿನಲ್ಲಿ ಆ ಕೆಂಪು ಸೆಕೆಂಡುಗಳಲ್ಲೇ ಕಂದಾಗುತ್ತದೆ. ಎಣ್ಣೆ ಪೂರ್ತಿ ಬಿಟ್ಟರೂ ನಷ್ಟವೇ, ಕೊಬ್ಬಿನ ಜೊತೆಯಿಲ್ಲದೆ ಕರುಳು ಈ ಬಣ್ಣಗಳನ್ನು ಹೀರಿಕೊಳ್ಳುವುದು ತೀರ ಕಡಿಮೆ. ಬೇಕಾದದ್ದು ಸ್ವಲ್ಪ ಎಣ್ಣೆ, ಮತ್ತು ಆ ಎಣ್ಣೆಯೂ ಊಟದೊಳಗೇ ಬರಬೇಕು.

ಮೈಕ್ರೋವೇವಿನಲ್ಲಿ ಎಣ್ಣೆ ಇಲ್ಲದೆ ಅರಳಿಸಿದ ಹಪ್ಪಳವನ್ನು ಚಿಗವ್ವ ಮುರಿದು ಮಂಡಕ್ಕಿಗೆ ಬೆರೆಸಿದಳು. ಒಂದು ಚಮಚ ಎಣ್ಣೆ ಕಾಯಿಸಿ, ಒಲೆ ಆರಿಸಿ, ಆ ಮೇಲೆ ಬ್ಯಾಡಗಿ ಪುಡಿ ಹಾಕಿದಳು. ಎಣ್ಣೆ ಕುಂಕುಮದ ಬಣ್ಣಕ್ಕೆ ತಿರುಗಿತು. ಪಾತ್ರೆಯನ್ನು ಮಂಡಕ್ಕಿಯ ಮೇಲೆ ಬೋರಲು ಹಾಕಿ, ತಳದಲ್ಲಿ ಉಳಿದ ಕೆಂಪನ್ನೂ ಒಂದು ಹಿಡಿ ಮಂಡಕ್ಕಿಯಿಂದ ಒರೆಸಿ ಬೆರೆಸಿದಳು. ಅವಳಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆ ಒಂದು ಚಮಚದಲ್ಲಿ ಚೆಲ್ಲುವ ಎಣ್ಣೆ ಒಂದು ಹನಿಯೂ ಇರಲಿಲ್ಲ!