ಪನೀರಿನ ಮೃದುತ್ವ ಅದರೊಳಗಿನ ನೀರಿನಲ್ಲಿದೆ

ಪಿಜ್ಜಾ ಮೇಲೆ ಉದುರಿಸಿದ ಚೀಸ್ ಕಾವಿಗೆ ಕರಗಿ ಹರಿಯುತ್ತದೆ. ಅದೇ ಕಾವಿಗೆ ಪನೀರ್ ಇಟ್ಟರೆ ಕರಗುವುದಿಲ್ಲ. ಹೊತ್ತು ಕಳೆದಂತೆ ಇನ್ನಷ್ಟು ಬಿರುಸಾಗುತ್ತದೆ. ಎರಡೂ ಹಾಲಿನಿಂದಲೇ ಆದವು. ಹಾಗಿದ್ದೂ ನಡತೆ ಇಷ್ಟು ಬೇರೆಯಾಗಲು ಕಾರಣ ಹಾಲನ್ನು ಒಡೆಸುವ ರೀತಿ. ಇದೊಂದು ತಿಳಿದರೆ ಪನೀರ್ ಏಕೆ ರಬ್ಬರಿನಂತಾಗುತ್ತದೆ, ಏಕೆ ಪುಡಿಯಾಗುತ್ತದೆ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ.

ಕರಗುವ ಚೀಸುಗಳಿಗೆ ಹಾಲನ್ನು ರೆನೆಟ್ ಎಂಬ ಕಿಣ್ವದಿಂದ ಹೆಪ್ಪುಗಟ್ಟಿಸುತ್ತಾರೆ. ಅಲ್ಲಿ ಹಾಲಿನ ಪ್ರೋಟೀನುಗಳನ್ನು ಹಿಡಿದಿಡುವುದರಲ್ಲಿ ಕ್ಯಾಲ್ಸಿಯಂ ಪಾತ್ರ ದೊಡ್ಡದು. ಕಾವು ತಗುಲಿದಾಗ ಆ ಹಿಡಿತ ಸಡಿಲವಾಗಿ ಚೀಸ್ ಹರಿಯುತ್ತದೆ. ಪನೀರಿಗೆ ನಾವು ಬಿಸಿ ಹಾಲಿಗೆ ಹುಳಿ ಹಿಂಡುತ್ತೇವೆ. ಹುಳಿಯು ಕ್ಯಾಲ್ಸಿಯಂನ ಬಹುಪಾಲನ್ನು ಕರಗಿಸಿ ತೆಗೆಯುವುದರಿಂದ ಪ್ರೋಟೀನುಗಳು ಒಂದಕ್ಕೊಂದು ನೇರವಾಗಿ ಅಂಟಿಕೊಂಡು ಬಲೆಯಾಗುತ್ತವೆ. ಆಮೇಲೆ ಎಷ್ಟೇ ಕಾಯಿಸಿದರೂ ಈ ಬಲೆ ಬಿಡಿಸಿಕೊಳ್ಳುವುದಿಲ್ಲ, ಇನ್ನೂ ಬಿಗಿಯಾಗುತ್ತದೆ. ಪನೀರಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ನೀರು. ಬಲೆ ಬಿಗಿದಷ್ಟೂ ಆ ನೀರು ಹೊರಬೀಳುತ್ತದೆ. ನೀರು ಹೋದ ಪನೀರೇ ರಬ್ಬರ್ ಪನೀರ್.

ಪುಡಿಯಾಗುವುದು ಇದಕ್ಕೆ ತದ್ವಿರುದ್ಧ ದೋಷ. ಅಲ್ಲಿ ಬಲೆ ಮೊದಲೇ ಸರಿಯಾಗಿ ಕೂಡಿಕೊಂಡಿರುವುದಿಲ್ಲ. ಯಾವ ದೋಷ ಎಂದು ತಿಳಿಯಲು ಒಂದು ತುಂಡನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಒತ್ತಿ ನೋಡಬೇಕು. ಒಳ್ಳೆಯ ಪನೀರ್ ತುಸು ಬಾಗುತ್ತದೆ, ಮುರಿದರೆ ಒಳಮೈ ನಯವಾಗಿ ಒದ್ದೆಯಾಗಿ ಕಾಣುತ್ತದೆ. ಬಿಗಿದ ಪನೀರ್ ಒತ್ತಿದ ಕೂಡಲೇ ಪುಟಿದು ನಿಲ್ಲುತ್ತದೆ, ಕಚ್ಚಿದರೆ ಹಲ್ಲಿಗೆ ಕಿರುಗುಟ್ಟುತ್ತದೆ. ಕೂಡಿಕೊಳ್ಳದ ಪನೀರ್ ಮುರಿದಾಗ ಒಳಗೆ ಮರಳು ಮರಳಾಗಿ ಕಂಡು ಅಂಚಿನಿಂದ ಉದುರುತ್ತದೆ. ಅಡುಗೆಯಲ್ಲಿ ನಾವು ಮಾಡುವ ತಪ್ಪು ಹೆಚ್ಚಾಗಿ ಮೊದಲನೆಯದಕ್ಕೆ ಕಾರಣ. ಎರಡನೆಯದರ ಬೇರು ಹೆಚ್ಚಾಗಿ ಹಾಲು ಒಡೆಸುವ ಹೊತ್ತಿನಲ್ಲೇ ಇರುತ್ತದೆ.

ಆದ್ದರಿಂದ ಮನೆಯಲ್ಲಿ ಪನೀರ್ ಮಾಡುವವರು ಹಾಲಿನಿಂದಲೇ ಎಚ್ಚರವಾಗಬೇಕು. ಪ್ಯಾಕೆಟ್ ಮೇಲೆ ಶೇ 6 ಕೊಬ್ಬು ಎಂದು ನಮೂದಿಸಿರುವ ಫುಲ್ ಕ್ರೀಮ್ ಹಾಲು ಇದಕ್ಕೆ ಸೂಕ್ತ. ಕೊಬ್ಬು ಪ್ರೋಟೀನ್ ಬಲೆಯ ಕಣ್ಣುಗಳಲ್ಲಿ ಕುಳಿತು ಅದು ತೀರಾ ಬಿಗಿಯದಂತೆ ತಡೆಯುತ್ತದೆ. ಕೆನೆ ತೆಗೆದ ಹಾಲಿನ ಪನೀರ್ ಬೇಗ ರಬ್ಬರಾಗುವುದು ಇದರಿಂದಲೇ. ಎಮ್ಮೆ ಹಾಲಿನಲ್ಲಿ ಕೊಬ್ಬು, ಪ್ರೋಟೀನ್, ಕ್ಯಾಲ್ಸಿಯಂ ಮೂರೂ ಹೆಚ್ಚಿರುವುದರಿಂದ ಅದರ ಪನೀರ್ ಗಟ್ಟಿಯಾಗಿ, ತುಂಡಾಗಿ ಕತ್ತರಿಸಲು ಬರುತ್ತದೆ. ಹಸುವಿನ ಹಾಲಿನದು ಮೆತ್ತಗಿದ್ದರೂ ಬೇಗ ಒಡೆಯುತ್ತದೆ. ತಿಂಗಳುಗಟ್ಟಲೆ ಕೆಡದೆ ಉಳಿಯುವ ಪೆಟ್ಟಿಗೆ ಹಾಲನ್ನು ಇದಕ್ಕೆ ಬಳಸದಿರುವುದು ಒಳ್ಳೆಯದು. ಅತಿಯಾದ ಕಾವು ಕಂಡಿರುವ ಆ ಹಾಲು ಒಡೆದರೂ ಗಟ್ಟಿಯಾಗಿ ಕೂಡಿಕೊಳ್ಳುವುದಿಲ್ಲ.

ಒಂದು ಲೀಟರ್ ಹಾಲನ್ನು ಉಕ್ಕು ಬರುವವರೆಗೆ ಕಾಯಿಸಿ ಒಲೆ ಆರಿಸಿ. ಹುಳಿ ಹಾಕುವ ಮುನ್ನ ನಾಲ್ಕೈದು ನಿಮಿಷ ಬಿಡಿ. ಈ ಬಿಡುವು ಮುಖ್ಯ. ಕುದಿಯುತ್ತಿರುವ ಹಾಲಿಗೆ ಹುಳಿ ಬಿದ್ದರೆ ಗಸಿ ಆ ಕ್ಷಣವೇ ಬಿಗಿದು ನೀರು ಕಳೆದುಕೊಳ್ಳುತ್ತದೆ; ಹಾಲು 80 ಡಿಗ್ರಿಯ ಆಸುಪಾಸಿಗೆ ಇಳಿದಿದ್ದರೆ ಮೆತ್ತಗೆ ಕೂಡಿಕೊಳ್ಳುತ್ತದೆ. ಎರಡು ದೊಡ್ಡ ಚಮಚ ನಿಂಬೆರಸವನ್ನು ಅಷ್ಟೇ ಬಿಸಿನೀರಿಗೆ ಬೆರೆಸಿಟ್ಟುಕೊಂಡು, ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಮೆಲ್ಲಗೆ ತಿರುವಬೇಕು. ಹಾಲು ಒಡೆದು ಕೆಳಗಿನ ನೀರು ತಿಳಿ ಹಸಿರು ಬಣ್ಣಕ್ಕೆ ಬಂದ ಕೂಡಲೇ ಕೈ ನಿಲ್ಲಿಸಿ, ನಿಂಬೆರಸ ಉಳಿದಿದ್ದರೂ ಹಾಕಬೇಡಿ. ಹುಳಿ ಹೆಚ್ಚಾದರೆ ಪನೀರ್ ಉದುರುದುರಾಗುತ್ತದೆ. ಇನ್ನೂ ಬೆಳ್ಳಗೆ ಹಾಲಿನಂತೆ ಕಾಣುತ್ತಿದ್ದರೆ ಹುಳಿ ಸಾಲದು ಎಂದರ್ಥ. ಒಡೆದ ಮೇಲೆ ಮತ್ತೆ ಒಲೆಯ ಮೇಲಿಟ್ಟು ಕುದಿಸುವುದು ಬೇಡ.

ಐದು ನಿಮಿಷ ಹಾಗೇ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ. ಗಸಿ ಬಿಸಿಯಾಗಿರುವಾಗಲೇ ಬಟ್ಟೆಯನ್ನು ಚೌಕವಾಗಿ ಮಡಚಿ ಮೇಲೆ ಎರಡು ಮೂರು ಕಿಲೋ ಭಾರ ಇಡಬೇಕು. ಆರಿದ ಗಸಿಯ ಕಣಗಳು ಒಂದಕ್ಕೊಂದು ಅಂಟುವುದಿಲ್ಲ. ಬಟ್ಟೆಯನ್ನು ಗಂಟು ಕಟ್ಟಿ ನಲ್ಲಿಗೆ ತೂಗುಹಾಕಿ ರಾತ್ರಿಯಿಡೀ ಬಿಟ್ಟವರ ಪನೀರ್ ಪುಡಿಯಾಗುವುದಕ್ಕೆ ಇದೇ ಕಾರಣ: ನೀರು ಪೂರ್ತಿ ಇಳಿದಿರುತ್ತದೆ, ಕಣಗಳು ಮಾತ್ರ ಕೂಡಿಕೊಂಡಿರುವುದಿಲ್ಲ. ಇಪ್ಪತ್ತರಿಂದ ಮೂವತ್ತು ನಿಮಿಷದ ಭಾರ ಸಾಕು. ನಂತರ ಬಟ್ಟೆ ಬಿಚ್ಚಿ ಗಟ್ಟಿಯನ್ನು ಒಂದೆರಡು ಗಂಟೆ ತಣ್ಣೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಬೇಕು. ಡೇರಿಗಳಲ್ಲೂ ಪನೀರನ್ನು ಹೀಗೆಯೇ ತಣ್ಣೀರಿಗೆ ಇಳಿಸುತ್ತಾರೆ. ಅದು ತಣಿದು ಗಟ್ಟಿಯಾದ ಮೇಲೆ ಕತ್ತರಿಸಿದರೆ ಅಂಚು ಉದುರುವುದಿಲ್ಲ. ಲೀಟರ್ ಹಾಲಿಗೆ ಸುಮಾರು 180ರಿಂದ 200 ಗ್ರಾಂ ಪನೀರ್ ಸಿಗುತ್ತದೆ.

ಅಂಗಡಿಯಿಂದ ತಂದ ಪನೀರಿನ ಕಥೆ ಬೇರೆ. ಅದು ಚೆನ್ನಾಗಿ ಒತ್ತಿದ್ದು, ಪುಡಿಯಾಗುವ ಭಯ ಕಡಿಮೆ. ಆದರೆ ಫ್ರಿಜ್ಜಿನಿಂದ ತೆಗೆದಾಗ ಕಲ್ಲಿನಂತಿರುತ್ತದೆ. ಈ ಬಿರುಸಿನಲ್ಲಿ ದೊಡ್ಡ ಪಾಲು ಕೊಬ್ಬಿನದು. ತಣ್ಣಗಿನ ತುಪ್ಪ ಗಟ್ಟಿಯಾಗುವಂತೆ ಪನೀರಿನೊಳಗಿನ ಕೊಬ್ಬೂ ಹೆಪ್ಪುಗಟ್ಟಿರುತ್ತದೆ, ಬಿಸಿ ತಾಗಿದರೆ ಸಡಿಲವಾಗುತ್ತದೆ. ಆ ಬಿಸಿಯನ್ನು ಬಾಣಲೆಯಲ್ಲಿ ಕೊಟ್ಟರೆ ಒಳಗಿನ ಕೊಬ್ಬು ಕರಗುವಷ್ಟರಲ್ಲಿ ಹೊರಮೈ ಒಣಗಿ ಹೋಗುತ್ತದೆ. ನೀರಿನಲ್ಲಿ ಕೊಟ್ಟರೆ ಒಣಗುವ ಮಾತೇ ಇಲ್ಲ. ಅರ್ಧ ಲೀಟರ್ ನೀರು ಕುದಿಸಿ ಒಲೆ ಆರಿಸಿ, ಒಂದು ಸಣ್ಣ ಚಮಚ ಉಪ್ಪು ಕದಡಿ, ಕತ್ತರಿಸಿದ ತುಂಡುಗಳನ್ನು ಹದಿನೈದು ನಿಮಿಷ ಅದರಲ್ಲಿ ಬಿಡಿ. ಉಪ್ಪು ಒಳಗಿಳಿದು ಸಪ್ಪೆತನವೂ ಹೋಗುತ್ತದೆ. ನೀರಿನಿಂದ ತೆಗೆದು ನೇರವಾಗಿ ಗ್ರೇವಿಗೆ ಹಾಕಬೇಕು. ತಟ್ಟೆಯಲ್ಲಿ ಹಾಗೇ ಬಿಟ್ಟರೆ ಮೇಲ್ಮೈ ಮತ್ತೆ ಒಣಗುತ್ತದೆ.

ಹುರಿಯಲೇಬೇಕೇ? ಬೇಡ. ಹುರಿಯುವುದು ರುಚಿಗೆ ಮತ್ತು ಹೊಂಬಣ್ಣಕ್ಕೆ. ಪನೀರ್ ಬೇಯುವುದಕ್ಕಲ್ಲ, ಏಕೆಂದರೆ ಅದು ಹಾಲು ಕಾದಾಗಲೇ ಬೆಂದಿದೆ. ಹೊಂಬಣ್ಣ ಬೇಕೆನಿಸಿದರೆ ಕಾವಲಿಯನ್ನು ಮೊದಲೇ ಚೆನ್ನಾಗಿ ಕಾಯಿಸಿ, ಎಣ್ಣೆ ಸವರಿ, ಬಟ್ಟೆಯಿಂದ ಒರೆಸಿದ ತುಂಡುಗಳನ್ನು ಬಿಡಿಬಿಡಿಯಾಗಿಟ್ಟು ಒಂದೊಂದು ಬದಿಗೆ ಒಂದು ನಿಮಿಷ ಕೊಡಿ. ಇಟ್ಟ ಕೂಡಲೇ ಸೌಟು ಆಡಿಸಬಾರದು. ಬಣ್ಣ ಬಂದ ಬದಿ ತಾನಾಗಿ ಕಾವಲಿ ಬಿಡುತ್ತದೆ. ಅದಕ್ಕೆ ಮೊದಲೇ ಕೆರೆದರೆ ತುಂಡು ಒಡೆಯುತ್ತದೆ. ಸಣ್ಣ ಉರಿಯಲ್ಲಿ ಬಹಳ ಹೊತ್ತು ಹುರಿಯುವುದು ಎಲ್ಲಕ್ಕಿಂತ ಕೆಟ್ಟದ್ದು: ಬಣ್ಣ ಬರುವ ಮೊದಲೇ ನೀರು ಹೋಗಿರುತ್ತದೆ. ಹುರಿದ ತುಂಡುಗಳನ್ನು ಕಾವಲಿಯಿಂದ ನೇರವಾಗಿ ಮೇಲೆ ಹೇಳಿದ ಉಪ್ಪುಬಿಸಿನೀರಿಗೆ ಹಾಕಿದರೆ, ಒಣಗಿ ಬಿಗಿದ ಹೊರಪದರ ಮತ್ತೆ ನೀರು ಹೀರಿ ಮೆತ್ತಗಾಗುತ್ತದೆ.

ಇದನ್ನೆಲ್ಲ ಪಾಲಕ್ ಪನೀರಿಗೆ ಅಳವಡಿಸಿ ನೋಡೋಣ. ನಾಲ್ಕು ಜನಕ್ಕೆ 200 ಗ್ರಾಂ ಪನೀರ್, ಎರಡು ಕಟ್ಟು ಪಾಲಕ್, ಎರಡು ಈರುಳ್ಳಿ, ಒಂದು ಟೊಮೆಟೊ. ಪಾಲಕ್ ಸೊಪ್ಪನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಬೇಯಿಸಿ ತಣ್ಣೀರಿಗೆ ಹಾಕಿ ರುಬ್ಬಿಕೊಳ್ಳಿ. ಪನೀರನ್ನು ಹೆಬ್ಬೆರಳ ಅಗಲದ ತುಂಡುಗಳಾಗಿ ಕತ್ತರಿಸಿ ಉಪ್ಪುಬಿಸಿನೀರಿನಲ್ಲಿ ಬಿಡಿ. ತುಂಡು ಇದಕ್ಕಿಂತ ಚಿಕ್ಕದಾದರೆ ಬೇಗ ಒಣಗುತ್ತದೆ. ಇತ್ತ ಬಾಣಲೆಯಲ್ಲಿ ಜೀರಿಗೆ, ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಟೊಮೆಟೊ, ಮಸಾಲೆ ಎಲ್ಲವೂ ಎಣ್ಣೆ ಬಿಡುವವರೆಗೆ ಬಾಡಲಿ. ರುಬ್ಬಿದ ಸೊಪ್ಪು ಹಾಕಿ ಕುದಿಸಿ, ಉಪ್ಪು ಖಾರ ಸರಿನೋಡಿ, ಗ್ರೇವಿಯ ಹದವನ್ನೂ ಈಗಲೇ ತಂದುಕೊಳ್ಳಿ. ಪನೀರ್ ಹಾಕಿದ ಮೇಲೆ ಗಟ್ಟಿ ಮಾಡಲು ಕುದಿಸುವ ಕೆಲಸ ಉಳಿದಿರಬಾರದು. ಉರಿ ಸಣ್ಣದು ಮಾಡಿ ತುಂಡುಗಳನ್ನು ಸೇರಿಸಿ, ಸೌಟಿನಿಂದ ಕಲಕುವ ಬದಲು ಬಾಣಲೆಯನ್ನೇ ಹಿಡಿದು ಅಲುಗಾಡಿಸಿ. ಎರಡು ನಿಮಿಷಕ್ಕೆ ಒಲೆ ಆರಿಸಿ ಮುಚ್ಚಿಡಿ. ಐದು ನಿಮಿಷದಲ್ಲಿ ಉಳಿದ ಕಾವಿಗೇ ಮಸಾಲೆ ತುಂಡುಗಳಿಗೆ ಹಿಡಿದಿರುತ್ತದೆ.

ಮಧ್ಯಾಹ್ನ ಮಾಡಿ ರಾತ್ರಿ ಬಡಿಸುವುದಿದ್ದರೆ ಗ್ರೇವಿ ಮತ್ತು ಪನೀರನ್ನು ಬೇರೆ ಬೇರೆ ಇಡುವುದು ಉತ್ತಮ. ಮೈಕ್ರೋವೇವಿನಲ್ಲಿ ಪನೀರನ್ನು ಮಾತ್ರ ಬಿಸಿಮಾಡಿದರೆ ಒಳಗಿನ ನೀರೇ ಕುದಿದು ಆವಿಯಾಗುತ್ತದೆ, ಹಾಗಾಗಿ ಗ್ರೇವಿಯೊಳಗೆ ಮುಳುಗಿಸಿ ಮುಚ್ಚಿ ಬಿಸಿಮಾಡಬೇಕು. ಉಳಿದ ಪನೀರನ್ನು ತಣ್ಣೀರಿನಲ್ಲಿ ಮುಳುಗಿಸಿ, ದಿನವೂ ನೀರು ಬದಲಿಸುತ್ತಾ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಬೇಕು. ಫ್ರೀಜರಿಗೆ ಹಾಕಿದರೆ ಒಳಗಿನ ನೀರು ಮಂಜಿನ ಹರಳಾಗಿ ಬಲೆಯನ್ನು ಹರಿಯುತ್ತದೆ. ಕರಗಿದಾಗ ನೀರು ಸೋರಿ ಪನೀರ್ ಪುಡಿಯಾಗುತ್ತದೆ.

ಕೆಲವು ಅಂಗಡಿಗಳಲ್ಲಿ ಸೋಯಾ ಪನೀರ್ ಎಂಬ ಹೆಸರಿನಲ್ಲಿ ಸಿಗುವ ತೋಫುವಿಗೆ ಇದೇ ಕ್ರಮವನ್ನು ಕಣ್ಣುಮುಚ್ಚಿ ಅನ್ವಯಿಸಬಾರದು. ಅದು ಸೋಯಾ ಹಾಲನ್ನು ಕ್ಯಾಲ್ಸಿಯಂ ಇಲ್ಲವೇ ಮೆಗ್ನೀಸಿಯಂ ಲವಣದಿಂದ ಹೆಪ್ಪುಗಟ್ಟಿಸಿದ್ದು. ಅದರಲ್ಲಿ ನೀರು ಪನೀರಿಗಿಂತ ಹೆಚ್ಚು, ಕೊಬ್ಬು ಕಡಿಮೆ. ಪನೀರಿಗೆ ನೀರು ಉಳಿಸುವ ಚಿಂತೆಯಾದರೆ, ತೋಫುವಿಗೆ ಹೊರಮೈಯ ಹೆಚ್ಚುವರಿ ನೀರು ತೆಗೆಯುವ ಚಿಂತೆ. ಆ ನೀರಿದ್ದರೆ ಕಾವಲಿಯಲ್ಲಿ ಅದು ಹುರಿಯದೆ ಅಂಟಿ ಒಡೆಯುತ್ತದೆ. ಗಟ್ಟಿ ತೋಫುವನ್ನು ಕತ್ತರಿಸಿ, ಸಣ್ಣಗೆ ಕುದಿಯುವ ಉಪ್ಪುನೀರಿನಲ್ಲಿ ಎರಡು ಮೂರು ನಿಮಿಷ ಬಿಟ್ಟು ತೆಗೆದು ಬಟ್ಟೆಯ ಮೇಲೆ ಹರಡಿ. ಹೊರಪದರ ತುಸು ಗಟ್ಟಿಯಾಗಿ, ತುಂಡು ಗ್ರೇವಿಯಲ್ಲಿ ಒಡೆಯದೆ ನಿಲ್ಲುತ್ತದೆ, ಒಳಗು ಮೆತ್ತಗೇ ಇರುತ್ತದೆ. ರೇಷ್ಮೆಯಂತೆ ನಯವಾದ ಸಿಲ್ಕನ್ ತೋಫುವನ್ನು ಮಾತ್ರ ಹುರಿಯಲು ಹೋಗಬೇಡಿ. ಅದು ಸೂಪಿಗೆ, ಸ್ಮೂದಿಗೆ ಸರಿ.

ಬಿಸಿನೀರಿಗೂ ಒಂದು ಮಿತಿ ಇದೆ. ಹುರಿದು ಹೊರಮೈ ಮಾತ್ರ ಬಿಗಿದಿದ್ದರೆ ಅದು ಸರಿಹೋಗುತ್ತದೆ. ಒಳತನಕ ನೀರು ಕಳೆದುಕೊಂಡ ತುಂಡು ಮತ್ತೆ ಮೊದಲಿನಂತಾಗುವುದಿಲ್ಲ. ಪ್ಯಾಕೆಟ್ ಬಿಚ್ಚಿದಾಗಿನಿಂದಲೇ ರಬ್ಬರಿನಂತಿದ್ದು ನೆನೆಸಿದರೂ ಬದಲಾಗದಿದ್ದರೆ ಲೇಬಲ್ ಓದಿ, ಹಾಲಿನ ಕೊಬ್ಬಿನ ಜಾಗದಲ್ಲಿ ಸಸ್ಯಜನ್ಯ ಎಣ್ಣೆ ಬಳಸಿದ ಅನಲಾಗ್ ಪನೀರ್ ಇರಬಹುದು. ಬಿಗಿದದ್ದಾಗಲಿ ಪುಡಿಯಾದದ್ದಾಗಲಿ ಎಸೆಯಬೇಕಿಲ್ಲ. ತುರಿದು, ಈರುಳ್ಳಿ ಟೊಮೆಟೊ ಒಗ್ಗರಣೆಗೆ ಕೊನೆಯಲ್ಲಿ ಸೇರಿಸಿದರೆ ಒಳ್ಳೆಯ ಭುರ್ಜಿಯಾಗುತ್ತದೆ. ಉಳಿದದ್ದನ್ನು ಪರಾಠದ ಹೂರಣಕ್ಕೆ ಬೆರೆಸಬಹುದು.