ಒಂದೇ ಆರ್ಡರ್, ನಾಲ್ಕು ಯೂರೋ ದರ

ಚನ್ನಪಟ್ಟಣದ ಸಣ್ಣ ಬೊಂಬೆ ಘಟಕವೊಂದಕ್ಕೆ ಜರ್ಮನಿಯ ಅಂಗಡಿಯಿಂದ ಆರ್ಡರ್ ಬಂದಿದೆ ಎಂದುಕೊಳ್ಳಿ. 240 ಗಿಲಕಿ, 75 ಉಂಗುರದ ಗೋಪುರ, 36 ಪುಟ್ಟ ರೈಲು. ಹಾಲೆ ಮರ ಕಡೆದು, ಅರಗು ಹಚ್ಚಿ, ಪೆಟ್ಟಿಗೆ ಕಟ್ಟಿ ಕಳಿಸುವುದು ಅವರಿಗೆ ಹೊಸದಲ್ಲ. ತೊಡಕು ಎದುರಾಗುವುದು ವರ್ಷದ ಕೊನೆಗೆ, ಲೆಕ್ಕ ನೋಡುವವರು "ಯೂರೋ ಎಷ್ಟಕ್ಕೆ ಹಿಡಿದಿದ್ದೀರಿ?" ಎಂದು ಕೇಳಿದಾಗ. ಈ ಪ್ರಶ್ನೆಗೆ ಒಂದೇ ಉತ್ತರ ಇರುವುದಿಲ್ಲ. ಬೆಲೆ ಹೇಳಿದ ದಿನ ಒಂದು ದರ, ಇನ್‌ವಾಯ್ಸ್ ದಿನ ಇನ್ನೊಂದು, ಸರಕು ಕಸ್ಟಮ್ಸ್ ದಾಟಿದ ದಿನ ಮತ್ತೊಂದು, ದುಡ್ಡು ಬ್ಯಾಂಕಿಗೆ ಬಂದ ದಿನ ಮಗದೊಂದು. ನಾಲ್ಕೂ ಸರಿ. ಒಂದರ ಜಾಗದಲ್ಲಿ ಇನ್ನೊಂದು ಕೂತರೆ ಮಾತ್ರ ತಪ್ಪು.

ಮೊದಲನೆಯದು ಮಾಲೀಕರೇ ಹಿಡಿದ ದರ. ಗಿಲಕಿಗೆ 345 ರೂಪಾಯಿ ಸಿಗಬೇಕು, ಅಂದು ಯೂರೋಗೆ 92.40 ಎಂದು ಲೆಕ್ಕ ಹಾಕಿದರು. (ಇಲ್ಲಿನ ದರಗಳೆಲ್ಲ ಉದಾಹರಣೆಗೆ ಮಾತ್ರ.) ಭಾಗಿಸಿದರೆ 3.7337... ಎಂದು ಬಾಲ ಬೆಳೆಯುತ್ತದೆ. ಕೊಟೇಶನ್‌ನಲ್ಲಿ 3.73 ಎಂದು ಅಚ್ಚಾಯಿತು. ಇಲ್ಲಿಯೇ ಮೊದಲ ಗುಂಡಿ ಇದೆ. ಕಂಪ್ಯೂಟರ್ ಒಳಗೊಳಗೇ ಪೂರ್ತಿ ಬಾಲವನ್ನು ಇಟ್ಟುಕೊಂಡು 240ರಿಂದ ಗುಣಿಸಿದರೆ 896.10 ಯೂರೋ ಬರುತ್ತದೆ. ಜರ್ಮನಿಯಲ್ಲಿ ಕೂತವರು ಕಾಗದದ ಮೇಲಿನ 3.73ನ್ನು ಗುಣಿಸಿದರೆ 895.20. ತೊಂಬತ್ತು ಸೆಂಟ್‌ಗಾಗಿ ಯಾರೂ ಜಗಳಕ್ಕೆ ಬರಲಿಕ್ಕಿಲ್ಲ. ಆದರೆ ವ್ಯವಹಾರ ಲೆಟರ್ ಆಫ್ ಕ್ರೆಡಿಟ್ ಮೇಲೆ ನಡೆದಿದ್ದರೆ, ಕಾಗದ ಪರಿಶೀಲಿಸುವ ಬ್ಯಾಂಕ್ ಇಂಥ ವ್ಯತ್ಯಾಸವನ್ನೇ ದೋಷವೆಂದು ಎತ್ತಿ ತೋರಿಸಬಹುದು. ಆದ್ದರಿಂದ ಬಿಡಿ ಬೆಲೆಯನ್ನು ಮೊದಲೇ ಸೆಂಟ್‌ಗೆ ತಂದು, ಅದನ್ನೇ ಬೆಲೆ ಎಂದು ಖಾಯಂ ಮಾಡಬೇಕು. ಮುಂದಿನ ಲೆಕ್ಕವೆಲ್ಲ ಅಚ್ಚಾದ ಅಂಕಿಯಿಂದಲೇ ಹೊರಡಬೇಕು. 345 ರೂಪಾಯಿಯ ಮಾತು ಅಲ್ಲಿಗೆ ಮುಗಿಯಿತು, 92.40ರದ್ದೂ ಮುಗಿಯಿತು.

ಗೋಪುರಕ್ಕೆ 5.41, ರೈಲಿಗೆ 8.66 ಯೂರೋ. ಹೀಗೆ ಇನ್‌ವಾಯ್ಸ್ 1,612.71 ಯೂರೋಗೆ ಸಿದ್ಧವಾಯಿತು. ಗಿರಾಕಿಗೆ ಬೇಕಾದ್ದು ಇಷ್ಟೇ. ಆದರೆ ಜಿಎಸ್‌ಟಿ ರಿಟರ್ನ್‌ಗೆ ರೂಪಾಯಿ ಬೇಕು. ಅದಕ್ಕೆ ಗೂಗಲ್ ತೋರಿಸುವ ದರ ನಡೆಯುವುದಿಲ್ಲ. ಸರಕು ರಫ್ತಾದರೆ ಕಸ್ಟಮ್ಸ್ ಕಾಯ್ದೆಯ 14ನೇ ಸೆಕ್ಷನ್ ಅಡಿ ಪ್ರಕಟವಾಗುವ ದರವನ್ನೇ ಹಿಡಿಯಬೇಕು ಎಂದು ಜಿಎಸ್‌ಟಿಯ 34ನೇ ನಿಯಮ ಹೇಳುತ್ತದೆ. ಆ ದರ ಸಾಮಾನ್ಯವಾಗಿ ತಿಂಗಳಿಗೆ ಎರಡು ಬಾರಿ ಬದಲಾಗುತ್ತದೆ. 2024ರ ಜುಲೈನಿಂದ ಪ್ರತ್ಯೇಕ ಅಧಿಸೂಚನೆಯ ಬದಲು ಐಸ್‌ಗೇಟ್ ಜಾಲತಾಣದಲ್ಲಿಯೇ ಸಿಗುತ್ತಿದೆ. ಆಮದಿಗೆ ಒಂದು ಕಾಲಂ, ರಫ್ತಿಗೆ ಇನ್ನೊಂದು. ಅವಸರದಲ್ಲಿ ಆಮದಿನ ಕಾಲಂ ಓದಿಬಿಡುವವರು ಕಡಿಮೆ ಇಲ್ಲ.

ಅಂದಿನ ರಫ್ತು ದರ 91.85 ಎಂದಿಟ್ಟುಕೊಳ್ಳೋಣ. ಮೂರು ಸಾಲುಗಳನ್ನು ರೂಪಾಯಿಗೆ ತಿರುಗಿಸಿದರೆ 82,224.12, 37,268.14 ಮತ್ತು 28,635.16. ಕೂಡಿಸಿದರೆ 1,48,127.42. ಎಕ್ಸೆಲ್ ಹಾಳೆಯ ಕೊನೆಯಲ್ಲಿ ಮಾತ್ರ 1,48,127.41 ಎಂದು ಬಂದಿರುತ್ತದೆ. ಆ ಒಂದು ಪೈಸೆ ಎಲ್ಲಿ ಹೋಯಿತು ಎಂದು ಅಕೌಂಟೆಂಟ್ ಮಧ್ಯಾಹ್ನವಿಡೀ ಹುಡುಕುತ್ತಾರೆ. ಎಲ್ಲೂ ಹೋಗಿಲ್ಲ. ಸೆಲ್‌ಗೆ ಎರಡೇ ದಶಮಾಂಶ ತೋರಿಸು ಎಂದು ಫಾರ್ಮ್ಯಾಟ್ ಕೊಟ್ಟರೆ ಅದು ತೋರಿಕೆಯನ್ನಷ್ಟೇ ಬದಲಿಸುತ್ತದೆ. ಒಳಗೆ 37,268.1375 ಹಾಗೇ ಇರುತ್ತದೆ, ಮೊತ್ತ ಹಾಕುವಾಗ ಎಕ್ಸೆಲ್ ಅದನ್ನೇ ಕೂಡಿಸುತ್ತದೆ. ಪ್ರತಿ ಸಾಲಿನಲ್ಲೂ ನಿಜವಾಗಿ ಪೈಸೆಗೆ ತರಬೇಕಾದರೆ ಸೂತ್ರದಲ್ಲೇ ಹೇಳಬೇಕು:

```
=ROUND(D5*$B$2, 2)
```

ಸಾಲುಗಳನ್ನು ಪೈಸೆಗೆ ತಂದು ಕೂಡಿಸಿ, ಆ ಮೊತ್ತವನ್ನೇ ಇನ್‌ವಾಯ್ಸ್ ಮೊತ್ತ ಎನ್ನುವುದು ನನಗೆ ಸರಿ ಕಾಣುವ ದಾರಿ. ಕಾಗದ ಓದುವವರು ಕೂಡಿಸಿ ನೋಡಿದಾಗ ಅದೇ ಅಂಕಿ ಬರುತ್ತದೆ. ಮೊತ್ತವನ್ನು ತಿರುಗಿಸಿ, ಉಳಿದ ಪೈಸೆಯನ್ನು ದೊಡ್ಡ ಸಾಲಿಗೆ ಸೇರಿಸುವವರೂ ಇದ್ದಾರೆ, ಅದೂ ತಪ್ಪಲ್ಲ. ಎರಡನ್ನೂ ಬೆರೆಸಬಾರದು ಅಷ್ಟೆ.

ಅದೇ ಸೂತ್ರದ `B2` ಸೆಲ್‌ನಲ್ಲಿ ದರ ಕೂತಿದೆ. ಕೆಲವರು ಗೂಗಲ್ ಶೀಟ್‌ನಲ್ಲಿ ಅಲ್ಲಿ `=GOOGLEFINANCE("CURRENCY:EURINR")` ಎಂದು ಬರೆದು ಜಾಣತನ ತೋರುತ್ತಾರೆ. ಅದು ತನ್ನಷ್ಟಕ್ಕೆ ಬದಲಾಗುತ್ತಿರುತ್ತದೆ. ಜೂನ್ ತಿಂಗಳ ಇನ್‌ವಾಯ್ಸನ್ನು ನವೆಂಬರ್‌ನಲ್ಲಿ ತೆರೆದರೆ ನವೆಂಬರ್‌ನ ರೂಪಾಯಿ ಕಾಣುತ್ತದೆ, ರಿಟರ್ನ್‌ನಲ್ಲಿ ಸಲ್ಲಿಸಿದ ಅಂಕಿ ಹಾಳೆಯಲ್ಲಿ ಎಲ್ಲೂ ಇರುವುದಿಲ್ಲ. ಇನ್‌ವಾಯ್ಸ್‌ನಲ್ಲಿ ದರ ಎಂದರೆ ಸೂತ್ರವಲ್ಲ, ಕೈಯಾರೆ ಹಾಕಿದ ಅಂಕಿ. ಪಕ್ಕದಲ್ಲೇ ಯಾವ ದಿನದ್ದು, ಯಾರು ಪ್ರಕಟಿಸಿದ್ದು, ಎಷ್ಟು ಘಟಕಕ್ಕೆ ಎಂದು ಬರೆದಿರಬೇಕು.

ಎಷ್ಟು ಘಟಕಕ್ಕೆ ಎಂಬುದು ಜಪಾನ್ ಗಿರಾಕಿ ಸಿಕ್ಕಾಗ ಅರ್ಥವಾಗುತ್ತದೆ. ಕಸ್ಟಮ್ಸ್ ಪಟ್ಟಿಯಲ್ಲಿ ಯೆನ್ ದರ 100 ಯೆನ್‌ಗೆ ಇರುತ್ತದೆ. ಅದು 57.85 ಇದ್ದರೆ ಎರಡೂವರೆ ಲಕ್ಷ ಯೆನ್‌ನ ಬಿಲ್ 1,44,625 ರೂಪಾಯಿ. ಸಾಫ್ಟ್‌ವೇರ್ ಒಂದು ಯೆನ್‌ಗೆ ಇಳಿಸಿ, ಎರಡೇ ದಶಮಾಂಶಕ್ಕೆ 0.58 ಎಂದು ಇಟ್ಟುಕೊಂಡರೆ 1,45,000 ಆಗುತ್ತದೆ. ಹಣವನ್ನು ಪೈಸೆಗೆ ತರಬಹುದು, ದರವನ್ನು ಹಾಗೆ ಕತ್ತರಿಸಬಾರದು. ಇನ್ನು ಯೆನ್‌ಗೆ ದಶಮಾಂಶವೇ ಇಲ್ಲ, ಕುವೈತ್ ದಿನಾರ್‌ಗೆ ಮೂರು. ಎಲ್ಲ ಬಿಲ್‌ಗೂ ಎರಡು ಎಂದು ಕಣ್ಣುಮುಚ್ಚಿ ಹೊಂದಿಸುವಂತಿಲ್ಲ.

ಚನ್ನಪಟ್ಟಣದ ಇನ್‌ವಾಯ್ಸ್ ಗುರುವಾರ ತಯಾರಾಯಿತು. ಅಂದು ಸಂಜೆ ಹೊಸ ಕಸ್ಟಮ್ಸ್ ದರ ಬಂತು, ಶುಕ್ರವಾರ ಏಜೆಂಟ್ ಶಿಪ್ಪಿಂಗ್ ಬಿಲ್ ಹಾಕಿದರು. ಶಿಪ್ಪಿಂಗ್ ಬಿಲ್‌ಗೆ ಅದನ್ನು ಸಲ್ಲಿಸಿದ ದಿನದ ದರ, ಅಂದರೆ 92.10. ಅಲ್ಲಿ ಮೌಲ್ಯ 1,48,530.59. ಜಿಎಸ್‌ಟಿ ರಿಟರ್ನ್‌ನಲ್ಲಿ ಇದಕ್ಕಿಂತ 403 ರೂಪಾಯಿ ಕಡಿಮೆ. ಗಾಬರಿಯಿಂದ ಇನ್‌ವಾಯ್ಸ್ ತಿದ್ದಲು ಹೋಗಬಾರದು. ತೆರಿಗೆ ಕಟ್ಟದೆ ಎಲ್‌ಯುಟಿ ಮೇಲೆ ಕಳಿಸಿ, ಉಳಿದ ಇನ್‌ಪುಟ್ ತೆರಿಗೆಯ ಮರುಪಾವತಿ ಕೇಳಿದರೆ ಎರಡರಲ್ಲಿ ಕಡಿಮೆಯದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಎರಡೂ ದರ, ಎರಡೂ ದಿನಾಂಕ ಬರೆದಿಟ್ಟಿದ್ದರೆ ವಿವರಣೆ ಒಂದೇ ಸಾಲಿನದು.

ಕೊನೆಯದು ಬ್ಯಾಂಕ್. ಖಾತೆಗೆ ಬಂದದ್ದು 1,45,437.55. ಪುಸ್ತಕದಲ್ಲಿಯೂ ಇನ್‌ವಾಯ್ಸ್ ದಿನದ ಕಸ್ಟಮ್ಸ್ ದರವನ್ನೇ ಬರೆಯುವ ಸಣ್ಣ ಘಟಕಗಳು ಬಹಳ, ಹಾಗೆ ಮಾಡಿದ್ದರೆ 2,689.87 ಕಡಿಮೆ. ಇದನ್ನು ಪೂರ್ತಿ ವಿನಿಮಯ ನಷ್ಟ ಎಂದು ಬರೆದು ಮುಗಿಸುವುದು ರೂಢಿ. ಆದರೆ ಬ್ಯಾಂಕ್ ಅಡ್ವೈಸ್ ತೆಗೆದು ನೋಡಿದರೆ ಬೇರೆಯೇ ಕಥೆ. ದಾರಿಯಲ್ಲಿ ವಿದೇಶಿ ಬ್ಯಾಂಕ್ 18 ಯೂರೋ ಮುರಿದುಕೊಂಡಿದೆ, ನಮ್ಮ ಬ್ಯಾಂಕ್ ಉಳಿದ 1,594.71ನ್ನು 91.20ರ ಟಿಟಿ ಖರೀದಿ ದರದಲ್ಲಿ ತಿರುಗಿಸಿದೆ. 18 ಯೂರೋ ಎಂದರೆ 1,641.60 ರೂಪಾಯಿ, ಅದು ಬ್ಯಾಂಕ್ ಖರ್ಚು. ದರ ಇಳಿದದ್ದರಿಂದ ಆದ ನಷ್ಟ 1,048.27 ಮಾತ್ರ. ಮಾರ್ಚ್ 31ರ ಒಳಗೆ ದುಡ್ಡು ಬಾರದಿದ್ದರೆ ಆ ದಿನದ ದರಕ್ಕೆ ಬಾಕಿಯನ್ನು ಮರುಲೆಕ್ಕ ಹಾಕಿ ನಷ್ಟವನ್ನು ಎರಡು ವರ್ಷಕ್ಕೆ ಹಂಚಬೇಕಾಗುತ್ತಿತ್ತು.

ಬ್ಯಾಂಕ್ ಖರ್ಚನ್ನು ದರದ ನಷ್ಟದಿಂದ ಬೇರೆ ಮಾಡಿದ್ದರಿಂದ ಕೈಗೆ ಸಿಗುವುದು ಇಷ್ಟು: ದರದ ಏರಿಳಿತಕ್ಕೆ ಮಾಲೀಕರು ಹೆಚ್ಚೇನೂ ಮಾಡಲಾರರು, ಆದರೆ ಮುಂದಿನ ಕೊಟೇಶನ್‌ನಲ್ಲಿ ಬ್ಯಾಂಕ್ ಶುಲ್ಕ ಗಿರಾಕಿಯದೇ ಎಂದು ಬರೆಯಬಹುದು. ಜೊತೆಗೆ, ಆ 18 ಯೂರೋ ವಿದೇಶಿ ಬ್ಯಾಂಕಿನ ಶುಲ್ಕ ಎಂದು ನಮ್ಮ ಬ್ಯಾಂಕಿಗೆ ಆಗಲೇ ತಿಳಿಸಬೇಕು. ಇಲ್ಲದಿದ್ದರೆ ಅವರ ದಾಖಲೆಯಲ್ಲಿ ಆ ಶಿಪ್ಪಿಂಗ್ ಬಿಲ್ 18 ಯೂರೋ ಬಾಕಿ ಎಂದೇ ತೆರೆದುಕೊಂಡಿರುತ್ತದೆ.