ನಾಯಿಮರಿ ಈಗಲೇ ಯಾಕೆ ಬೇಡ: ಮಗಳಿಗೆ ಅಮ್ಮನ ಪತ್ರ

ಬೆಂಗಳೂರಿನ ಒಂದು ಬಾಡಿಗೆ ಮನೆ. ಅಪ್ಪ, ಅಮ್ಮ ಇಬ್ಬರೂ ಬೆಳಿಗ್ಗೆ ಎಂಟೂವರೆಗೆ ಕೆಲಸಕ್ಕೆ ಹೊರಡುತ್ತಾರೆ. ನಾಲ್ಕನೇ ಕ್ಲಾಸಿನ ಮಗಳು ಶಾಲೆಯಿಂದ ಬರುವುದು ಸಂಜೆ ನಾಲ್ಕಕ್ಕೆ. ಬೇಸಿಗೆ ರಜೆಗೆ ನಾಯಿಮರಿ ಬೇಕೆಂದು ಅವಳು ಹಟ ಹಿಡಿದಾಗ, ಅಮ್ಮ ಮಾತಿನಲ್ಲಿ ಮುಗಿಸದೆ ಒಂದು ಪತ್ರ ಬರೆದಳು. ಇಂಥ ಮನೆಗಳು ಊರ ತುಂಬ ಇರುವುದರಿಂದ ಆ ಪತ್ರದಲ್ಲಿದ್ದುದನ್ನು ಹೇಳಬೇಕು.

‘ಪುಟ್ಟೀ, ನೀನು ನೋಡಿಕೊಳ್ಳಲ್ಲ ಅಂತ ನಾನು ಬೇಡ ಅನ್ನುತ್ತಿಲ್ಲ’ ಎಂದೇ ಪತ್ರ ಶುರುವಾಗುತ್ತದೆ. ಈ ಮೊದಲ ಸಾಲೇ ಸರಿಯಾದ ಜಾಗಕ್ಕೆ ಕೈಯಿಡುತ್ತದೆ. ‘ನಿನಗೆ ಜವಾಬ್ದಾರಿ ಇಲ್ಲ’ ಎಂದುಬಿಟ್ಟರೆ, ಮನೆಯ ತೊಡಕನ್ನು ಮಗುವಿನ ತಲೆಗೆ ಕಟ್ಟಿದಂತೆ.

ನಂತರ ಅಮ್ಮ ಗಂಟೆಗಳ ಲೆಕ್ಕ ಹಾಕುತ್ತಾಳೆ. ಎರಡು ತಿಂಗಳ ಮರಿ ಹಗಲಲ್ಲಿ ಉಚ್ಚೆ ತಡೆದುಕೊಳ್ಳುವುದು ಹೆಚ್ಚೆಂದರೆ ಎರಡು ಮೂರು ಗಂಟೆ. ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಊಟ ಹಾಕಬೇಕು. ಉಂಡ ಕೂಡಲೇ, ನಿದ್ದೆಯಿಂದ ಎದ್ದ ಕೂಡಲೇ ಗೊತ್ತಾದ ಒಂದೇ ಜಾಗಕ್ಕೆ ಕರೆದೊಯ್ದರೆ ಮಾತ್ರ ಅದಕ್ಕೆ ಅಭ್ಯಾಸವಾಗುತ್ತದೆ. ಈ ಮನೆಯಲ್ಲಿ ಎಂಟೂವರೆಯಿಂದ ನಾಲ್ಕರವರೆಗೆ, ಅಂದರೆ ಏಳೂವರೆ ಗಂಟೆ ಯಾರೂ ಇರುವುದಿಲ್ಲ. ಅಷ್ಟು ಹೊತ್ತು ಒಂಟಿಯಾದ ಮರಿ ಒದ್ದೆ ನೆಲದಲ್ಲೇ ಮಲಗುತ್ತದೆ, ಬಾಗಿಲು ಕೆರೆಯುತ್ತದೆ, ಚಪ್ಪಲಿ ಕಡಿಯುತ್ತದೆ, ಅಕ್ಕಪಕ್ಕದವರಿಗೆ ಕೇಳುವಂತೆ ಊಳಿಡುತ್ತದೆ. ಅದು ತುಂಟತನವಲ್ಲ, ಗಾಬರಿ.

‘ರಜೆಯಲ್ಲಿ ನಾನು ಇರ್ತೀನಲ್ಲ’ ಎಂಬ ಮಗಳ ವಾದಕ್ಕೂ ಉತ್ತರವಿದೆ. ಏಪ್ರಿಲ್‌ನಲ್ಲಿ ತಂದ ಮರಿಗೆ ಎರಡು ತಿಂಗಳು ಇಡೀ ದಿನ ಜೊತೆ ಸಿಗುತ್ತದೆ. ಶಾಲೆ ಶುರುವಾದ ದಿನವೇ ಮನೆ ಬಿಕೋ ಎನ್ನುತ್ತದೆ. ಒಂಟಿತನದ ರೂಢಿಯೇ ಇಲ್ಲದ ಮರಿಗೆ ಈ ಬದಲಾವಣೆ ಇನ್ನೂ ಕಷ್ಟ. ಅದೇ ತಿಂಗಳುಗಳಲ್ಲಿ ಲಸಿಕೆಯ ಸರದಿಯೂ ಇರುತ್ತದೆ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಸುಮಾರು ಹದಿನಾರು ವಾರದವರೆಗೆ, ಮೂರು ತಿಂಗಳ ಹೊತ್ತಿಗೆ ರೇಬೀಸ್‌ ಚುಚ್ಚುಮದ್ದು. ಇವು ಮುಗಿಯುವ ಮುನ್ನ ಬೀದಿಯಲ್ಲಿ ಓಡಾಡಿಸಿದರೆ ಪಾರ್ವೊ ತಗಲಬಹುದು. ವಾಂತಿ, ರಕ್ತ ಬೆರೆತ ಭೇದಿಯಿಂದ ಮರಿ ಕೆಲವೇ ದಿನಗಳಲ್ಲಿ ಸಾಯುವ ರೋಗ ಅದು.

ಪತ್ರದ ಕೊನೆಯಲ್ಲಿ ‘ನೋಡೋಣ’ ಎಂಬ ಜಾರಿಕೆಯ ಮಾತಿಲ್ಲ. ‘ಡಿಸೆಂಬರ್‌ನಲ್ಲಿ ಅಜ್ಜಿಗೆ ನಿವೃತ್ತಿ. ಅವರು ನಮ್ಮ ಜೊತೆ ಇರಲು ಬಂದ ಮೇಲೆ, ಅವರೂ ಒಪ್ಪಿದರೆ, ಮನೆ ಓನರ್‌ ಅಂಕಲ್‌ ಹತ್ತಿರ ನಾನೇ ಕೇಳ್ತೀನಿ’ ಎಂದಿದೆ. ನಾಯಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ, ಮರಿ ಬರುವಾಗ ನಾಲ್ಕನೇ ಕ್ಲಾಸಿನಲ್ಲಿದ್ದವಳು ಅಷ್ಟರಲ್ಲಿ ಕಾಲೇಜು ಮುಗಿಸಿರುತ್ತಾಳೆ ಎಂಬುದನ್ನೂ ಅಮ್ಮ ಮರೆತಿಲ್ಲ.

ಸಾಕಲಾಗದೆ ನಾಯಿಯನ್ನು ಬೀದಿಗೆ ಬಿಟ್ಟು ಹಸಿವು, ಬಾಯಾರಿಕೆಗೆ ಗುರಿಮಾಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮರಿ ತರುವ ಮುನ್ನ ನಿಮ್ಮ ಮನೆ ಖಾಲಿಯಿರುವ ಗಂಟೆಗಳನ್ನು ಮಕ್ಕಳ ಜೊತೆ ಕೂತು ಎಣಿಸಿ ನೋಡಿ.